ಮದುವೆಗೆ ಒಂದು ವಾರ, ಹುಡುಗಿಗೆ 1, ಹುಡುಗನಿಗೆ 8

ಮುಂದಿನ ಭಾನುವಾರ ಮುಹೂರ್ತ. ಈ ಭಾನುವಾರ ಸಂಜೆ ಹುಡುಗ ಹುಡುಗಿ ಇಬ್ಬರೇ ಬಂದು ನನ್ನ ಎದುರಿಗೆ ಕೂತಿದ್ದರು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಒಂದು ಮೇಜು, ಎರಡು ಕುರ್ಚಿ, ಸೀಸದ ಕಡ್ಡಿ, ಉದ್ದನೆಯ ರಿಜಿಸ್ಟರ್ ಪುಸ್ತಕ, ಅಷ್ಟೇ. ಇಪ್ಪತ್ತು ವರ್ಷದ ಮೇಲಾಯಿತು ಸಂಖ್ಯಾಶಾಸ್ತ್ರ ನೋಡೋಕೆ ಶುರು ಮಾಡಿ. ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅಂತ ಅವತ್ತೇ ಅನ್ನಿಸಿತ್ತು. ಹೆಸರು, ತಾರೀಖು ಎರಡನ್ನೂ ಬದಲಿಸಿದ್ದೇನೆ. ಕೂಡಿದಾಗ ಬರುವ ಅಂಕಿ ಮಾತ್ರ ಅವೇ.

ಹುಡುಗಿ ಸಹನಾ, ಮಂಡ್ಯ ಕಡೆಯವರು, ಕೆಲಸ ಬೆಂಗಳೂರಿನಲ್ಲಿ. ಹುಡುಗ ಕಿರಣ್, ಮೈಸೂರಿನಲ್ಲೇ ಮನೆ, ಇಲ್ಲೇ ಕೆಲಸ. ಅವರು ಜೋಡಿ ಕೂಡುತ್ತಾ ಅಂತ ಕೇಳೋಕೆ ಬಂದವರಲ್ಲ. ಅದು ಯಾವಾಗಲೋ ಮುಗಿದಿತ್ತು, ಜೋಯಿಸರು ಸಾಲಾವಳಿ ನೋಡಿ ಚೆನ್ನಾಗಿ ಕೂಡಿ ಬಂದಿದೆ ಅಂದಿದ್ದರು, ಛತ್ರ ಹಿಡಿದಾಗಿತ್ತು, ಪತ್ರಿಕೆ ಹಂಚಿಯಾಗಿತ್ತು. ಹುಡುಗನ ತಾಯಿ ಒಂದೇ ಒಂದು ಕೆಲಸ ಹೇಳಿ ಕಳಿಸಿದ್ದರು: ಮದುವೆ ಆದ ಮೇಲೆ ಹುಡುಗಿಯ ಹೆಸರನ್ನು SAHANA KIRAN ಅಂತ ಮಾಡಬಹುದಾ, ತೋರಿಸಿಕೊಂಡು ಬನ್ನಿ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಸಹನಾ ಮೇಜಿನ ಮೇಲೆ ಇಟ್ಟರು. ನನಗೂ ಆಹ್ವಾನ.

ಅದರ ಜೊತೆಗೆ ಫೋನ್ ತೆಗೆದು ತೋರಿಸಿದರು. ‘ಸರ್, ನಾವು ಆಗಲೇ ಆ್ಯಪ್‌ನಲ್ಲಿ ಹಾಕಿ ನೋಡಿದ್ವಿ. ಇಬ್ಬರ ಹೆಸರಿಗೂ 8 ಬಂತು. ಒಂದೇ ನಂಬರ್ ಅಂದ್ರೆ ಒಳ್ಳೇದಲ್ವಾ?’

ಮೊದಲು ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಈಗೀಗ ಬರುವ ಅರ್ಧ ಜನ ಫೋನಿನಲ್ಲಿ ನೋಡಿಕೊಂಡೇ ಬರುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಅಂಕಿ ಕೊಡುವ ಪಟ್ಟಿ ಮುಖ್ಯವಾಗಿ ಎರಡಿವೆ. ಒಂದು ಪೈಥಾಗೋರಿಯನ್, ಅದರಲ್ಲಿ A ಯಿಂದ I ತನಕ 1 ರಿಂದ 9, ಮತ್ತೆ J ಗೆ 1, ಹೀಗೆ ಸಾಲಾಗಿ ಹೋಗುತ್ತೆ. ಇನ್ನೊಂದು ಚಾಲ್ಡಿಯನ್, ಅದರಲ್ಲಿ ಅಂಕಿಗಳು ಸಾಲಾಗಿ ಬರೋದಿಲ್ಲ, ಯಾವ ಅಕ್ಷರಕ್ಕೂ 9 ಇಲ್ಲ. ಕೈ ನೋಡಿ ಭವಿಷ್ಯ ಹೇಳುತ್ತಿದ್ದ ಕೀರೋ ಬರೆದು ಹರಡಿದ್ದು ಈ ಎರಡನೆಯದನ್ನು. ನಮ್ಮ ಕಡೆ ಹೆಸರು ನೋಡುವವರಲ್ಲಿ ತುಂಬಾ ಜನ ಬಳಸುವುದೂ ಇದನ್ನೇ. ಅವರ ಮುಂದೆಯೇ ಎರಡನ್ನೂ ಬರೆದು ತೋರಿಸಿದೆ:

```
ಆ್ಯಪ್‌ ಲೆಕ್ಕ (ಪೈಥಾಗೋರಿಯನ್)
SAHANA = 1+1+8+1+5+1 = 17 → 8
KIRAN  = 2+9+9+1+5   = 26 → 8

ನನ್ನ ಲೆಕ್ಕ (ಚಾಲ್ಡಿಯನ್)
SAHANA = 3+1+5+1+5+1 = 16 → 7
KIRAN  = 2+1+2+1+5   = 11 → 2
```

ಅದೇ ಹೆಸರು, ಅದೇ ಅಕ್ಷರ, ಉತ್ತರ ಮಾತ್ರ ಬೇರೆ. ಇದನ್ನು ನಾನು ಯಾರಿಗೂ ಮುಚ್ಚಿಡೋದಿಲ್ಲ. ಪಟ್ಟಿ ಬದಲಾದರೆ ಫಲ ಬದಲಾಗುತ್ತೆ ಅನ್ನೋದು ಈ ವಿದ್ಯೆಯ ಮಿತಿ, ಕೇಳೋಕೆ ಬಂದವರಿಗೆ ಅದು ಗೊತ್ತಿರಬೇಕು. ಈ ಅಂಕಿಗಳಿಂದ ಮದುವೆ ಉಳಿಯುತ್ತೆ, ಮುರಿಯುತ್ತೆ ಅಂತ ಯಾರೂ ಪರೀಕ್ಷೆ ಮಾಡಿ ತೋರಿಸಿಲ್ಲ. ನಾನು ನಂಬುತ್ತೇನೆ, ಆದರೆ ನಂಬಿಕೆ ಅಂತಲೇ ಹೇಳುತ್ತೇನೆ.

ಹೆಸರಿನ ಅಂಕಿ ಪಟ್ಟಿಗೆ ತಕ್ಕಂತೆ ಓಡಾಡುತ್ತೆ, ಹುಟ್ಟಿದ ತಾರೀಖು ಹಾಗಲ್ಲ. ಅದು ಎರಡೂ ಪದ್ಧತಿಯಲ್ಲಿ ಒಂದೇ. ಹಾಗಾಗಿ ಹೆಸರು ಬದಲಿಸುವ ಮಾತಿಗೆ ಮೊದಲು ತಾರೀಖು ಕೇಳೋದು ನನ್ನ ಕ್ರಮ. ಕೇಳಿದೆ. ಕಿರಣ್ 17-11-1993. ಸಹನಾ 28-04-1997.

ಬರೆದುಕೊಳ್ಳುವಾಗಲೇ ನನಗೆ ಗೊತ್ತಾಯಿತು. 17 ಅಂದರೆ 8. 28 ಅಂದರೆ 10, ಅಂದರೆ 1. ನಮ್ಮಲ್ಲಿ ಒಂದೊಂದು ಅಂಕಿಗೆ ಒಂದೊಂದು ಗ್ರಹ. ಹುಡುಗನಿಗೆ ಶನಿ, ಹುಡುಗಿಗೆ ಸೂರ್ಯ. ನಮ್ಮ ಲೆಕ್ಕದಲ್ಲಿ ಜಾಸ್ತಿ ಹೆದರಿಸುವ ಜೋಡಿ ಇದು. ಪುರಾಣದಲ್ಲಿ ಶನಿ ಸೂರ್ಯನ ಮಗ, ಛಾಯೆಯ ಹೊಟ್ಟೆಯಲ್ಲಿ ಹುಟ್ಟಿದವನು, ಅಪ್ಪ ಮಗನಿಗೆ ಆಗಿಬರೋದಿಲ್ಲ. 1 ರವರಿಗೆ ಎಲ್ಲವೂ ಬೆಳಕಿನಲ್ಲಿ ಆಗಬೇಕು, ಕೇಳಿದ ತಕ್ಷಣ ಉತ್ತರ ಬೇಕು, ಇವತ್ತೇ ತೀರ್ಮಾನ ಆಗಬೇಕು. 8 ರವರು ನಿಧಾನ, ಬಾಯಿ ಬಿಡೋದಿಲ್ಲ, ಭಾರ ಹೊರುತ್ತಾರೆ, ಆದರೆ ಹೊತ್ತಿದ್ದೇನೆ ಅಂತ ಹೇಳೋದಿಲ್ಲ. ಇಷ್ಟೇ ಆಗಿದ್ದರೆ ಒಂದು ಮಾತು, ಪೂರ್ತಿ ತಾರೀಖು ಕೂಡಿದರೆ ಸಹನಾಗೆ 40, ಅಂದರೆ 4, ರಾಹು. 4 ಮತ್ತು 8 ಒಂದನ್ನೊಂದು ಎಳೆಯುತ್ತವೆ, ಎಳೆದು ಭಾರ ಹೆಚ್ಚಿಸುತ್ತವೆ ಅನ್ನೋದು ಹಳೆಯ ಮಾತು. ಕಿರಣ್‌ಗೆ ಪೂರ್ತಿ ಕೂಡಿದರೆ 32, ಅಂದರೆ 5, ಬುಧ. ಎಲ್ಲರಿಗೂ ಸ್ನೇಹಿತ ಅನ್ನಿಸಿಕೊಂಡ ಅಂಕಿ ಅದೊಂದೇ. ಈ ನಾಲ್ಕು ಅಂಕಿಗಳಲ್ಲಿ ತಂಪು ಕೊಡೋದು ಅದೊಂದೇ.

ಸೀಸದ ಕಡ್ಡಿ ನಿಂತುಬಿಟ್ಟಿತ್ತು. ನನಗೆ ಹಳೆಯ ಅಭ್ಯಾಸ, ವಿರುದ್ಧ ಅಂಕಿ ಬಂದರೆ ಎರಡರ ಮಧ್ಯೆ ಒಂದು ಸಣ್ಣ ಅಡ್ಡಗೆರೆ ಎಳೆಯುತ್ತೇನೆ. ಅದನ್ನೂ ಎಳೆದಿದ್ದೆ. ಸಹನಾ ಅದನ್ನೇ ನೋಡುತ್ತಿದ್ದರು.

ಹೇಳಬೇಕಾ ಬೇಡವಾ ಅನ್ನೋದು ಆಮೇಲಿನ ಮಾತು. ಮೊದಲು ಖಾತ್ರಿ ಮಾಡಿಕೊಳ್ಳಬೇಕಾದದ್ದು ತಾರೀಖು ನಿಜವಾ ಅಂತ. ನಮ್ಮ ಕಡೆ ಮಾರ್ಕ್ಸ್ ಕಾರ್ಡ್ ತಾರೀಖು ಒಂದು, ಹುಟ್ಟಿದ ತಾರೀಖು ಇನ್ನೊಂದು ಇರೋದು ಎಷ್ಟು ಸಾಮಾನ್ಯ ಅಂತ ಎಲ್ಲರಿಗೂ ಗೊತ್ತು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದೆ ಮೇಷ್ಟ್ರು ಒಂದು ತಾರೀಖು ಹಾಕಿಬಿಟ್ಟಿರುತ್ತಾರೆ, ಅದೇ ಆಧಾರ್‌ಗೂ ಬಂದಿರುತ್ತೆ. ಜೂನ್ 1 ಅಂತ ಕಂಡರಂತೂ ನಾನು ಎರಡು ಸಲ ಕೇಳುತ್ತೇನೆ. ಕಿರಣ್ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಜನನ ಪ್ರಮಾಣಪತ್ರವೂ 17 ಅಂತಲೇ ಇದೆ. ಸಹನಾ ಸ್ವಲ್ಪ ಯೋಚಿಸಿ ಹೇಳಿದರು: ‘ನಾನು ಹುಟ್ಟಿದ್ದು ರಾತ್ರಿ ಒಂದು ನಲವತ್ತಕ್ಕಂತೆ ಸರ್. ಅಜ್ಜಿ ಯಾವಾಗಲೂ ಭಾನುವಾರ ರಾತ್ರಿ ಹುಟ್ಟಿದವಳು ಅಂತಾರೆ.’

28 ಏಪ್ರಿಲ್ 1997 ಸೋಮವಾರ. ಅಜ್ಜಿ ಹೇಳಿದ್ದೂ ತಪ್ಪಲ್ಲ. ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯ ಹುಟ್ಟಿದಾಗ, ಕ್ಯಾಲೆಂಡರಿನಲ್ಲಿ ನಡುರಾತ್ರಿ ಹನ್ನೆರಡಕ್ಕೆ. ಸೂರ್ಯೋದಯದ ಲೆಕ್ಕ ಹಿಡಿದರೆ ಸಹನಾ 27 ರವರು, ಅಂದರೆ 9. ನಮ್ಮಲ್ಲಿ ಕೆಲವರು ಹಾಗೂ ಹಿಡಿಯುತ್ತಾರೆ.

ಒಂದು ಕ್ಷಣ ನನಗೆ ಆಸೆ ಹುಟ್ಟಿದ್ದು ನಿಜ. 27 ಅಂತ ಹೇಳಿ ಮುಗಿಸಿಬಿಡೋಣ, ಒಂದು ವಾರ ಇದೆ, ಯಾಕೆ ಬೇಕು. ಆದರೆ 9 ಅಂದರೆ ಕುಜ, ಕುಜನಿಗೂ ಶನಿಗೂ ಸ್ನೇಹ ಎಲ್ಲಿದೆ? ಆ ಕಡೆ ತಿರುಗಿದರೂ ಅಡ್ಡಗೆರೆಯೇ. ಅದೂ ಅಲ್ಲದೆ, ಬೇರೆ ಎಲ್ಲರಿಗೂ ನಡುರಾತ್ರಿ ಲೆಕ್ಕ ಹಿಡಿಯುವ ನಾನು ಇವರಿಗೆ ಮಾತ್ರ ಸೂರ್ಯೋದಯ ಹಿಡಿದರೆ ಅದು ಲೆಕ್ಕ ಅಲ್ಲ, ಸಮಾಧಾನದ ಮಾತು.

ಈ ಜಾಗದಲ್ಲಿ ಹಳೆಯದೊಂದನ್ನು ಹೇಳಲೇಬೇಕು. ಈ ಕೆಲಸಕ್ಕೆ ಕೂತು ಮೂರ್ನಾಲ್ಕು ವರ್ಷ ಆಗಿದ್ದಾಗ ಹುಡುಗನ ಮನೆಯವರು ಮಾತ್ರ ಬಂದಿದ್ದರು, ಹುಡುಗ ಹುಡುಗಿ ಯಾರೂ ಇರಲಿಲ್ಲ. ಅಲ್ಲೂ 1 ಮತ್ತು 8. ಆದರೆ 8 ಹುಡುಗಿಯದ್ದು. ನಾನು ಎರಡು ಅಂಕಿ ಕೂಡೋದಿಲ್ಲ ಅಂತ ಹೇಳಿ, ಅಡ್ಡಗೆರೆ ಎಳೆದಿದ್ದ ಆ ಚೀಟಿಯನ್ನೇ ಕೈಗೆ ಕೊಟ್ಟು ಕಳಿಸಿದೆ. ಚೀಟಿ ಮನೆಗೆ ಹೋಗುವಷ್ಟರಲ್ಲಿ ಮಾತು ಬದಲಾಗಿತ್ತು. ಎರಡು ಅಂಕಿ ಕೂಡೋದಿಲ್ಲ ಅನ್ನೋದು ಹೋಗಿ, ಹುಡುಗಿ ಶನಿ ನಂಬರಿನವಳು ಅಂತ ಆಯಿತು. ನಿಶ್ಚಿತಾರ್ಥ ಮುರಿಯಿತು. ಅದಕ್ಕಿಂತ ಕೆಟ್ಟದ್ದು ಏನೆಂದರೆ ಆಮೇಲೆ ಬಂದ ಸಂಬಂಧಗಳಿಗೂ ಆ ಮಾತು ಮೊದಲೇ ಹೋಗಿ ಮುಟ್ಟುತ್ತಿತ್ತು. ಆ ಹುಡುಗಿಯ ತಂದೆ ಒಂದು ದಿನ ಬಂದು ಬಾಗಿಲಲ್ಲೇ ನಿಂತು, ‘ನೀವು ನನ್ನ ಮಗಳನ್ನು ಒಂದು ಸಲ ನೋಡಿಯಾದರೂ ಹೇಳಬಹುದಿತ್ತು’ ಅಂದು ಹೋದರು. ಒಳಗೆ ಬರಲಿಲ್ಲ. ಅಂಕಿ ತಪ್ಪಾಗಿರಲಿಲ್ಲ. ನಾನು ಅದನ್ನು ಯಾರ ಕೈಗೆ ಕೊಟ್ಟೆ, ಯಾವ ಮಾತಿನಲ್ಲಿ ಕೊಟ್ಟೆ ಅನ್ನೋದು ತಪ್ಪಾಗಿತ್ತು.

ಅವತ್ತಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಜೋಡಿ ನೋಡುವುದಾದರೆ ಇಬ್ಬರೂ ಎದುರಿಗೆ ಇರಬೇಕು, ಮೊದಲು ಕೇಳುವವರು ಅವರೇ ಆಗಬೇಕು. ಅಡ್ಡಗೆರೆ ಇರುವ ಹಾಳೆ ಮನೆಯಿಂದ ಆಚೆ ಹೋಗಬಾರದು.

‘ಸರ್, ಏನೋ ಇದೆ ಅಲ್ವಾ?’ ಸಹನಾ ಕೇಳಿಯೇಬಿಟ್ಟರು.

‘ಇದೆ ಕಣಮ್ಮ’ ಅಂದೆ. ‘ನೀವು ಕೇಳಿದ್ದು ಹೆಸರು. ನನಗೆ ಕಂಡಿದ್ದು ಇನ್ನೊಂದು. ಹೇಳಬೇಕು ಅಂದ್ರೆ ಇಬ್ಬರೂ ಒಪ್ಪಬೇಕು. ಬೇಡ ಅಂದ್ರೆ ಹೆಸರಷ್ಟೇ ಹೇಳ್ತೀನಿ, ನನಗೇನೂ ಬೇಜಾರಿಲ್ಲ.’

ಸಹನಾ ಹೇಳಿ ಅಂದರು. ಕಿರಣ್ ಸುಮ್ಮನೆ ಲೋಟದಲ್ಲಿ ಕೆನೆ ಕಟ್ಟುತ್ತಿದ್ದ ಕಾಫಿ ನೋಡುತ್ತಾ ಕೂತಿದ್ದರು. ‘ನೀನೇನಪ್ಪ?’ ಅಂದೆ. ‘ಹೇಳಿ ಸರ್, ನೋಡೋಣ’ ಅಂದರು.

ಸುತ್ತಿ ಬಳಸಿ ಹೇಳಲಿಲ್ಲ. ಹೀಗೆ ಹೇಳಿದೆ: ‘ನಿಮ್ಮ ಹುಟ್ಟಿದ ತಾರೀಖಿನ ಅಂಕಿಗಳು ನಮ್ಮ ಶಾಸ್ತ್ರದಲ್ಲಿ ಒಂದಕ್ಕೊಂದು ವಿರುದ್ಧ. ಇದು ಯಾರೊಬ್ಬರ ದೋಷವೂ ಅಲ್ಲ. 1 ಒಂದೇ ಇದ್ರೆ ಒಳ್ಳೇದು, 8 ಒಂದೇ ಇದ್ರೂ ಒಳ್ಳೇದು. ಇದರ ಅರ್ಥ ಮದುವೆ ನಿಲ್ಲಿಸಿ ಅಂತಲ್ಲ, ಹಾಗೆ ಹೇಳೋಕೆ ಈ ಲೆಕ್ಕಕ್ಕೆ ಅಷ್ಟು ಶಕ್ತಿ ಇದೆ ಅಂತ ನಾನು ಒಪ್ಪೋದಿಲ್ಲ. ಈ ಲೆಕ್ಕ ಹೇಳೋದು ನೀವು ಎಲ್ಲಿ ಸಿಕ್ಕಿಹಾಕಿಕೊಳ್ತೀರಿ ಅಂತ. ಹೌದಾ ಅಲ್ವಾ ಅಂತ ನೀವೇ ಹೇಳಬೇಕು.’

ಸಹನಾ ಮುಖ ಸಣ್ಣಗಾಯಿತು. ಲಗ್ನಪತ್ರಿಕೆಯ ಅರಿಶಿನದ ಮೂಲೆಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದರು, ಉಗುರೆಲ್ಲ ಹಳದಿ. ‘ಸಾಲಾವಳಿಯಲ್ಲಿ ಚೆನ್ನಾಗಿದೆ ಅಂದಿದ್ರಲ್ಲ ಸರ್?’ ಅಂದರು.

ಇದು ನ್ಯಾಯವಾದ ಪ್ರಶ್ನೆ. ಸಾಲಾವಳಿ ನೋಡೋದು ಜನ್ಮ ನಕ್ಷತ್ರ, ರಾಶಿಯಿಂದ, ಅಂದರೆ ಹುಟ್ಟಿದಾಗ ಚಂದ್ರ ಎಲ್ಲಿದ್ದ ಅನ್ನೋದರಿಂದ. ನಾನು ನೋಡೋದು ಇಂಗ್ಲಿಷ್ ಕ್ಯಾಲೆಂಡರಿನ ತಾರೀಖು. ಎರಡಕ್ಕೂ ಬೇರು ಬೇರೆ. ಒಂದರಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕೂಡದೆ ಇರಬಹುದು, ಅದರಿಂದ ಜೋಯಿಸರು ತಪ್ಪು ಅಂತ ಆಗೋದಿಲ್ಲ, ನಾನು ಮೇಲು ಅಂತಲೂ ಆಗೋದಿಲ್ಲ. ಹಾಗೇ ಹೇಳಿದೆ.

ಆಮೇಲೆ ಅಂಕಿ ಬಿಟ್ಟು ಕೇಳಿದೆ. ಇದು ನಾನು ಈಚೆಗೆ ಕಲಿತದ್ದು. ನೀವಿಬ್ಬರೂ ಕೊನೇ ಸಲ ಜಗಳ ಆಡಿದ್ದು ಯಾಕೆ?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ‘ಜಗಳ ಏನೂ ಇಲ್ಲ ಸರ್’ ಅಂದರು ಕಿರಣ್. ಸಹನಾ, ‘ಜಗಳ ಆಡೋಕೆ ಇವರು ಮಾತಾಡಬೇಕಲ್ಲ’ ಅಂದರು. ಸಿಟ್ಟಿನಿಂದ ಅಲ್ಲ, ಇರೋದನ್ನು ಹೇಳುವ ದನಿಯಲ್ಲಿ. ಆಮೇಲೆ ಒಂದೊಂದಾಗಿ ಬಂತು. ಮದುವೆ ಆದ ಮೇಲೆ ಬೆಂಗಳೂರಿನ ಕೆಲಸ ಬಿಡಬೇಕಾ, ಇಟ್ಟುಕೊಂಡು ವಾರಕ್ಕೊಂದು ಸಲ ಬರಬೇಕಾ ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ. ‘ಮೂರು ಸಲ ಕೇಳಿದೀನಿ ಸರ್. ಮೂರು ಸಲಾನೂ ನೋಡೋಣ ಅಂದ್ರು. ಅವಳು ಕೆಲಸ ಬಿಟ್ಟುಬಿಡ್ತಾಳೆ ಅಂತ ಅತ್ತೆ ನಮ್ಮ ಅಮ್ಮನ ಹತ್ರ ಹೇಳಿದಾರಂತೆ. ಇವರಿಗೆ ಗೊತ್ತು, ನನಗೆ ಹೇಳಲಿಲ್ಲ.’

ಕಿರಣ್ ತುಂಬಾ ಹೊತ್ತು ಸುಮ್ಮನಿದ್ದರು. ನಾನೂ ಮಧ್ಯೆ ಮಾತಾಡೋಕೆ ಹೋಗಲಿಲ್ಲ. ಎಂಟರವರ ಹತ್ತಿರ ಕಾಯಬೇಕು, ಅವಸರ ಮಾಡಿದರೆ ಮತ್ತೆ ಒಳಗೆ ಹೋಗಿಬಿಡುತ್ತಾರೆ. ಕೊನೆಗೆ ಹೇಳಿದರು: ‘ಅಮ್ಮನ ಹತ್ರ ಮಾತಾಡಬೇಕು ಅಂತಿದ್ದೆ. ಮದುವೆ ಓಡಾಟದಲ್ಲಿ ಬೇಜಾರು ಮಾಡೋದು ಬೇಡ ಅಂತ ಸುಮ್ಮನಾದೆ. ಇವಳಿಗೆ ಹೇಳಿದ್ರೆ ಇವಳಿಗೂ ಬೇಜಾರು.’ ಇಬ್ಬರ ಬೇಜಾರನ್ನೂ ಒಬ್ಬರೇ ಇಟ್ಟುಕೊಂಡು ಓಡಾಡುತ್ತಿದ್ದರು ಪಾಪ. ಸಹನಾ ಅದನ್ನು ಮೊದಲ ಸಲ ಕೇಳುತ್ತಿದ್ದರು ಅನ್ನೋದು ಮುಖದಲ್ಲೇ ಕಾಣುತ್ತಿತ್ತು. ಹತ್ತು ನಿಮಿಷ ಅವರಿಬ್ಬರೂ ಮಾತಾಡಿಕೊಳ್ಳಲಿ ಅಂತ ನಾನು ಒಳಗೆ ಹೋಗಿ ಕಾಫಿ ಬಿಸಿ ಮಾಡಿಸಿಕೊಂಡು ಬಂದೆ.

ಇನ್ನು ಹೆಸರಿನ ವಿಷಯ, ಅವರು ನಿಜವಾಗಿ ಬಂದಿದ್ದ ಕೆಲಸ. SAHANA KIRAN ಕೂಡಿದರೆ 16+11, ಅಂದರೆ 27, ಅಂದರೆ 9. ಅಂಕಿ ತಾನಾಗಿ ಒಳ್ಳೆಯದೇ, 1 ಕ್ಕೆ ಆಗುತ್ತೆ, ಆದರೆ ಆಗಲೇ ಹೇಳಿದ ಹಾಗೆ 8 ಕ್ಕೆ ಆಗೋದಿಲ್ಲ. ತುಂಬಾ ಜನ ಕೇಳೋದು ಒಂದು A ಜಾಸ್ತಿ ಹಾಕಿದರೆ ಆಗುತ್ತಾ ಅಂತ. SAHANAA ಅಂತ ಮಾಡಿದರೆ 17, ಅಂದರೆ 8. ಗಂಡನ ಅಂಕಿಗೇ ಸೇರಿತು ಅಂತ ಇದನ್ನು ಸುಲಭವಾಗಿ ಒಪ್ಪಿಸಬಹುದು, ಕೇಳೋಕೂ ಚೆನ್ನಾಗಿರುತ್ತೆ. ಆದರೆ 4 ಮತ್ತು 8 ಇರುವ ಕಡೆ ಇನ್ನೊಂದು 8 ತಂದು ಸೇರಿಸಬೇಡಿ ಅನ್ನೋದು ನಾವು ಮೊದಲು ಕಲಿಯುವ ಪಾಠ. ಸಹನಾ ಅವರ ದಾಖಲೆಗಳಲ್ಲಿ ಇರುವ ಹೆಸರು SAHANA M. M ಗೆ 4, ಒಟ್ಟು 20, ಅಂದರೆ 2. ಕಿರಣ್ ಹೆಸರು 11, ಅದೂ 2. ಅಪ್ಪ ಇಟ್ಟ ಇನಿಷಿಯಲ್ ಸಮೇತ ಇರುವ ಹೆಸರೇ ಸರಿಯಾಗಿ ಕೂತಿತ್ತು. ಬದಲಿಸುವ ಕೆಲಸವೇ ಇರಲಿಲ್ಲ.

ಅಂಕಿ ಬಿಟ್ಟು ನೋಡಿದರೂ ಮದುವೆಯ ವಾರದಲ್ಲಿ ಹೆಸರು ಮುಟ್ಟೋದು ತಲೆನೋವು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ನೋಂದಣಿಗೆ ಹೋದಾಗ ಅರ್ಜಿಯ ಹೆಸರು, ಆಧಾರ್, ಮಾರ್ಕ್ಸ್ ಕಾರ್ಡ್ ಒಂದಕ್ಕೊಂದು ಹೊಂದದೆ ಇದ್ದರೆ ಅಫಿಡವಿಟ್ಟು, ಓಡಾಟ. ಒಂದು A ಗೋಸ್ಕರ ಪಾಸ್‌ಪೋರ್ಟ್ ತನಕ ಅಲೆದವರನ್ನು ನೋಡಿದ್ದೇನೆ.

ನೀಲಮಣಿ ಹಾಕಿಕೊಳ್ಳಬೇಕಾ ಅಂತ ಕಿರಣ್ ಕೇಳಿದರು. ಬೇಡ ಅಂದೆ. ಒಂದು ವಾರ ಮುಂಚೆ ಹೆದರಿದ ಜನಕ್ಕೆ ಏನು ಹೇಳಿದರೂ ಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಕಲ್ಲು ಮಾರೋದು ನನ್ನ ಕೈಯಲ್ಲಿ ಆಗೋದಿಲ್ಲ.

ಏಳು ಗಂಟೆಗೆ ಹುಡುಗನ ತಾಯಿಯ ಫೋನು ಬಂತು. ಕಿರಣ್ ನನ್ನ ಕೈಗೆ ಕೊಟ್ಟರು. ‘ಏನಂದ್ರಿ ಗುರುಗಳೇ, ಹೆಸರು ಆಗುತ್ತಾ?’

‘ಈಗಿರೋ ಹೆಸರೇ ಚೆನ್ನಾಗಿದೆ ಕಣಮ್ಮ, ಬದಲಿಸೋದು ಬೇಡ.’

‘ಮಿಕ್ಕಿದ್ದೆಲ್ಲ ಕೂಡುತ್ತಾ?’

ನನಗೆ ಭಯ ಇದ್ದದ್ದು ಈ ಪ್ರಶ್ನೆಗೇ. ಸುಳ್ಳು ಹೇಳಬಾರದು, ಪೂರ್ತಿ ಬಿಚ್ಚಿ ಹೇಳಿದರೆ ತಪ್ಪೆಲ್ಲ ಹುಡುಗಿಯ ಮನೆಯ ಮೇಲೆ ಬೀಳುತ್ತೆ. ಸಹನಾ ಉಸಿರು ಹಿಡಿದು ಕೂತಿದ್ದರು. ‘ತಾರೀಖಿನ ಅಂಕಿ ಇಬ್ಬರದ್ದೂ ಬೇರೆ ಬೇರೆ ಸ್ವಭಾವದ್ದು. ಅದನ್ನ ಇಬ್ಬರಿಗೂ ಬಿಡಿಸಿ ಹೇಳಿದೀನಿ. ಮದುವೆಗೆ ಅಡ್ಡಿ ಆಗೋ ಅಂಥದ್ದು ನನ್ನ ಲೆಕ್ಕದಲ್ಲಿಲ್ಲ. ಇನ್ನೂ ಏನಾದ್ರೂ ತಿಳೀಬೇಕು ಅಂದ್ರೆ ಮಗನನ್ನೇ ಕೇಳಿ, ಅವನೇ ಹೇಳ್ತಾನೆ’ ಅಂದೆ. ಕೊನೆಯ ಮಾತನ್ನು ಕಿರಣ್ ಕಡೆ ನೋಡಿಕೊಂಡೇ ಹೇಳಿದೆ. ಆಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ‘ಆಂಜನೇಯನಿಗೆ ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿಸಲಾ?’ ಅಂದರು. ಹಚ್ಚಿಸಿ ಅಂದೆ. ತಾಯಿ ಮನಸ್ಸಿಗೆ ಏನಾದರೂ ಮಾಡಿದೆ ಅನ್ನಿಸಬೇಕಲ್ಲ.

ಹೊರಡುವಾಗ ಸಹನಾ ಆ ಹಾಳೆ ಕೇಳಿದರು. ಕೊಡಲಿಲ್ಲ, ಯಾಕೆ ಅಂತಲೂ ಹೇಳಿದೆ. ಹೊಸ ಹಾಳೆಯಲ್ಲಿ SAHANA M, 20, 2 ಅಂತ ಬರೆದು ಕೊಟ್ಟೆ. ಫೀಸು ಹೆಸರಿಗೆ ಎಷ್ಟೋ ಅಷ್ಟೇ.

ಗುರುವಾರ ರಾತ್ರಿ ಕಿರಣ್ ಫೋನ್ ಮಾಡಿದರು. ‘ಸರ್, ಅಮ್ಮನಿಗೆ ನಾನೇ ಹೇಳಿದೆ. ಒಂದು ವರ್ಷ ಇವಳು ಬೆಂಗಳೂರಲ್ಲೇ ಇರ್ತಾಳೆ, ಶುಕ್ರವಾರ ಸಂಜೆ ಟ್ರೈನಿಗೆ ಬರ್ತಾಳೆ. ಅಮ್ಮ ಎರಡು ದಿನದಿಂದ ನನ್ನ ಜೊತೆ ಮಾತಾಡ್ತಿಲ್ಲ.’ ಸಹನಾಗೆ ಗೊತ್ತಾ ಅಂತ ಕೇಳಿದೆ. ‘ಮಾತಾಡ್ತಿಲ್ಲ ಅನ್ನೋದೂ ಹೇಳಿದೀನಿ ಸರ್’ ಅಂದರು.

ಭಾನುವಾರ ಧಾರೆಗೆ ಹೋಗಿದ್ದೆ. ಅಕ್ಷತೆ ಹಾಕಿ ಊಟಕ್ಕೆ ಕೂತೆ. ಎರಡನೇ ಪಂಕ್ತಿ, ಹೋಳಿಗೆ ಬರುವ ಹೊತ್ತಿಗೆ ಹುಡುಗನ ತಾಯಿ ಎಲೆಗಳನ್ನು ವಿಚಾರಿಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ನಿಂತರು. ಅಡುಗೆಯವರ ಕೈಯಿಂದ ಇನ್ನೊಂದು ಹೋಳಿಗೆ ಹಾಕಿಸಿ, ತುಪ್ಪದ ಗಿಂಡಿಯನ್ನು ತಾವೇ ತೆಗೆದುಕೊಂಡು ಬಗ್ಗಿದರು. ಮೆಲ್ಲಗೆ ಕೇಳಿದರು:

‘ಗುರುಗಳೇ, ಆ ಎಂಟು ನಮ್ಮ ಹುಡುಗನದ್ದೇ ಅಲ್ವಾ?’

‘ಹೌದಮ್ಮ, ಹುಡುಗನದ್ದು.’

‘ಅಂದುಕೊಂಡೆ. ಅವರಪ್ಪನೂ ಹಾಗೇ ಇದ್ರು, ಬಾಯಿ ಬಿಡ್ತಾನೇ ಇರ್ಲಿಲ್ಲ’ ಅಂದು ಹೋಳಿಗೆಗೆ ತುಪ್ಪ ಹಾಕಿ ಮುಂದಿನ ಎಲೆಗೆ ಹೋದರು.